ವರ್ಷದೊಳಗೆ ಮೂರು ತುಳಸಿ ಒಣಗಿದ್ದೇಕೆ? ಬಾಲ್ಕನಿಯ ಬಿಸಿಲು, ಚೊಂಬಿನ ನೀರು ಮತ್ತು ಹತ್ತು ನಿಮಿಷದ ಪೂಜೆ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಆರನೆಯ ಮಹಡಿಯ ಸಣ್ಣ ಫ್ಲಾಟಿನಲ್ಲಿದ್ದೇವೆ. ವಾಸ್ತುವಿನಂತೆ ಉತ್ತರದ ಬಾಲ್ಕನಿಯಲ್ಲಿ, ಪಿಂಗಾಣಿಯ ಪುಟ್ಟ ಬೃಂದಾವನದಲ್ಲಿ ತುಳಸಿ ನೆಟ್ಟಿದ್ದೆವು. ಕಳೆದ ಗಣೇಶನ ಹಬ್ಬಕ್ಕೆ ತಂದ ಗಿಡ ಡಿಸೆಂಬರಿನಲ್ಲಿ, ಸಂಕ್ರಾಂತಿಗೆ ತಂದದ್ದು ಮಾರ್ಚಿನಲ್ಲಿ, ಜೂನಿನಲ್ಲಿ ತಂದದ್ದು ಈಗ ಆಗಸ್ಟಿನಲ್ಲಿ ಹೋಯಿತು. ಬೆಳಿಗ್ಗೆ ನಾನು, ಸಂಜೆ ಅತ್ತೆ, ಒಂದೊಂದು ಚೊಂಬು ನೀರು ಹಾಕುತ್ತೇವೆ. ಶುಕ್ರವಾರ ಹಾಲೂ ಎರೆಯುತ್ತೇವೆ. ಇದು ಅಪಶಕುನವೆಂದು ಅತ್ತೆಗೆ ಭಯ. ಮುಟ್ಟಿನ ದಿನಗಳಲ್ಲಿ ನಾನು ಗಿಡ ಮುಟ್ಟಿದ್ದರಿಂದ ಹೀಗಾಯಿತೇ ಎಂದೂ ಕೇಳುತ್ತಾರೆ. ಬಿಸಿಲು ಬರುವ ಇನ್ನೊಂದು ಬಾಲ್ಕನಿ ದಕ್ಷಿಣಕ್ಕಿದೆ, ಅಲ್ಲಿಡಬಾರದಂತೆ. ಎಂಟು ಗಂಟೆಗೆ ಕಚೇರಿಗೆ ಹೊರಡುವ ನನಗೆ ಹತ್ತು ನಿಮಿಷದಲ್ಲಿ ಮುಗಿಯುವ ಪೂಜಾಕ್ರಮವನ್ನೂ ತಿಳಿಸಿ. ಒಣಗಿದ ಗಿಡವನ್ನು ಏನು ಮಾಡಬೇಕು?

ಉತ್ತರ: ನೀವು ಕಳುಹಿಸಿದ ಎರಡು ಚಿತ್ರಗಳನ್ನು ನೋಡಿದೆ. ಮೂರನೆಯ ಗಿಡದ ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ, ಹಿಸುಕಿದಂತೆ ಸಪೂರವಾಗಿದೆ. ಮೇಲ್ಮಣ್ಣಿನಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ. ಇದು ಬುಡ ಕೊಳೆ ರೋಗದ ಸ್ಪಷ್ಟ ಗುರುತು. ಮೊದಲಿನ ಎರಡು ಗಿಡಗಳು ಬಿಸಿಲಿಲ್ಲದೆ ಸೊರಗಿ, ಅದೇ ನೀರಿನಲ್ಲಿ ನಿಧಾನವಾಗಿ ಸತ್ತಿವೆ ಎಂದು ಅವು ಹೋದ ತಿಂಗಳುಗಳಿಂದಲೇ ಊಹಿಸಬಹುದು. ಮೂವತ್ತು ವರ್ಷ ತೋಟಗಾರಿಕೆಯಲ್ಲಿ ಕಳೆದ ನಾನು ಫ್ಲಾಟುಗಳಲ್ಲಿ ಕಂಡಿರುವ ಸತ್ತ ತುಳಸಿಗಳಲ್ಲಿ ಬಹುಪಾಲು ಉಪೇಕ್ಷೆಯಿಂದ ಸತ್ತವಲ್ಲ, ಅತಿಯಾದ ಉಪಚಾರದಿಂದ ಸತ್ತವು. ಆದುದರಿಂದ ಮೊದಲು ನೀರಿನ ಲೆಕ್ಕವನ್ನು ನೋಡೋಣ.

ನಿಮ್ಮ ಬೃಂದಾವನದಂಥ ಆರು ಅಂಗುಲದ ಕುಂಡದಲ್ಲಿ ಹೆಚ್ಚೆಂದರೆ ಎರಡು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಸಾಮಾನ್ಯ ಚೊಂಬೊಂದರಲ್ಲಿ ಅರ್ಧ ಲೀಟರ್ ನೀರಿರುತ್ತದೆ ಎಂದುಕೊಂಡರೆ, ನೀವಿಬ್ಬರೂ ಸೇರಿ ಎರಡು ಲೀಟರ್ ಮಣ್ಣಿಗೆ ದಿನಕ್ಕೆ ಒಂದು ಲೀಟರ್ ನೀರು ಎರೆದಿದ್ದೀರಿ. ಒಂದೂವರೆ ಗೇಣಿನ ಗಿಡ ನೆರಳಿನಲ್ಲಿ ಅದರ ಸಣ್ಣ ಪಾಲನ್ನಷ್ಟೇ ಕುಡಿಯಬಲ್ಲದು. ಪಿಂಗಾಣಿಯ ಗೋಡೆಯ ಮೂಲಕ ನೀರು ಆರುವುದಿಲ್ಲ. ಚಿತ್ರದಲ್ಲಿ ಕಾಣುವಂತೆ ಆ ಬೃಂದಾವನಕ್ಕೆ ತಳದಲ್ಲಿ ತೂತೂ ಇಲ್ಲ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಅದು ಮೇಲೇರಿ ಕಾಂಡದ ಬುಡವನ್ನು ಹಿಡಿಯುತ್ತದೆ. ಜೂನ್, ಜುಲೈಗಳ ಮೋಡದ ದಿನಗಳಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ.

ಇಲ್ಲಿ ಎಲ್ಲರನ್ನೂ ಮೋಸಗೊಳಿಸುವ ಒಂದು ಸಂಗತಿಯಿದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಎಲೆ ಬಾಗಿಸಿ ನಿಲ್ಲುತ್ತದೆ, ಏಕೆಂದರೆ ನೀರಿದ್ದರೂ ಅದನ್ನು ಹೀರುವ ಬೇರು ಅದಕ್ಕೆ ಉಳಿದಿರುವುದಿಲ್ಲ. ಬಾಡಿದ್ದನ್ನು ಕಂಡವರು ಮರುಕದಿಂದ ಇನ್ನೊಂದು ಚೊಂಬು ಎರೆಯುತ್ತಾರೆ. ಬಾಡಿದ ಗಿಡದ ಮಣ್ಣಿನಲ್ಲಿ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಸಂಜೆಯೊಳಗೆ ಅದು ತಲೆಯೆತ್ತುತ್ತದೆ. ಮಣ್ಣು ತೇವವಾಗಿದ್ದು, ಚರಂಡಿಯ ವಾಸನೆಯಿದ್ದು, ಮೇಲೆ ಚುಕ್ಕೆಯಷ್ಟು ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ನೀರು ನಿಲ್ಲಿಸಬೇಕು. ಆ ಹಂತದಲ್ಲಿ ಬುಡ ಇನ್ನೂ ಗಟ್ಟಿಯಾಗಿದ್ದರೆ ಗಿಡವನ್ನು ಎಬ್ಬಿಸಿ, ಕಂದು ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿಗೆ ಬದಲಾಯಿಸಿ ಉಳಿಸಬಹುದು. ಬುಡ ಕಪ್ಪಾದ ಮೇಲೆ ಗಿಡ ಉಳಿಯುವುದಿಲ್ಲ. ಹಸಿರಾಗಿರುವ ತುದಿಗಳನ್ನು ಕಡ್ಡಿಯಾಗಿ ಬೇರೂರಿಸಿಕೊಳ್ಳುವುದೊಂದೇ ದಾರಿ.

ಹಾಲಿನ ವಿಚಾರಕ್ಕೆ ಬರುತ್ತೇನೆ. ಹಾಲು ಗೊಬ್ಬರವಾಗುತ್ತದೆ ಎಂಬ ನಂಬಿಕೆ ಇದೆ. ತೆರೆದ ನೆಲದಲ್ಲಿದ್ದ ತುಳಸಿಕಟ್ಟೆಗೆ ಒಂದು ಉದ್ಧರಣೆ ಹಾಲು ಬಿದ್ದರೆ ಮಣ್ಣಿನ ಜೀವಿಗಳು ಅದನ್ನು ಅರಗಿಸಿಕೊಳ್ಳುತ್ತಿದ್ದವು, ಮಳೆ ತೊಳೆಯುತ್ತಿತ್ತು. ಎರಡು ಲೀಟರ್ ಮಣ್ಣಿನಲ್ಲಿ ಅದೇ ಹಾಲು ಹುಳಿತು, ಜಿಡ್ಡು ಮೇಲೆ ಪದರ ಕಟ್ಟಿ, ಬೂಷ್ಟನ್ನೂ ನೊಣವನ್ನೂ ಕರೆಯುತ್ತದೆ. ಅಕ್ಷತೆಯ ಅಕ್ಕಿ ಮತ್ತು ಬೆಲ್ಲದ ಚೂರು ಇರುವೆಯನ್ನು ಕರೆಯುತ್ತವೆ, ಇರುವೆ ತನ್ನೊಂದಿಗೆ ಹಿಟ್ಟುತಿಗಣೆಯನ್ನು ಹೊತ್ತು ತಂದು ಸಾಕುತ್ತದೆ. ಕುಂಕುಮವನ್ನು ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಬೆರೆಸಿ ಮಾಡುತ್ತಾರೆ. ದಿನವೂ ಒಂದು ಚಿಟಿಕೆ ಬುಡಕ್ಕೆ ಬೀಳುತ್ತ ಹೋದರೆ ಸಣ್ಣ ಕುಂಡದ ಮಣ್ಣು ಕ್ಷಾರವಾಗುತ್ತದೆ. ನಮ್ಮ ಕೊಳವೆ ಬಾವಿಯ ಗಡಸು ನೀರೂ ಅದೇ ಕೆಲಸ ಮಾಡುತ್ತದೆ. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ, ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲವೆಂದು ತಿಳಿಯಿರಿ. ಊದುಬತ್ತಿಯನ್ನು ಕುಂಡದ ಮಣ್ಣಿಗೇ ಚುಚ್ಚುವ ರೂಢಿ ಫ್ಲಾಟುಗಳಲ್ಲಿ ಬಹಳ. ಅದರ ಬೂದಿಯೂ ಕ್ಷಾರವೇ, ಕಿಡಿ ತಾಗಿದ ಕಾಂಡ ಅಲ್ಲೇ ಸುಟ್ಟು ಗಾಯವಾಗುತ್ತದೆ.

ಇವುಗಳಲ್ಲಿ ಯಾವುದನ್ನೂ ಪೂಜೆಯಿಂದ ತೆಗೆದುಹಾಕಿರೆಂದು ನಾನು ಹೇಳುತ್ತಿಲ್ಲ. ಅವು ಬೀಳುವ ಜಾಗವನ್ನು ಬದಲಾಯಿಸಿ. ಕುಂಡದ ಮುಂದೆ ಒಂದು ಹಿತ್ತಾಳೆಯ ತಟ್ಟೆಯಿಟ್ಟು ಹಾಲು, ಅಕ್ಷತೆ, ನೈವೇದ್ಯಗಳನ್ನು ಅದರಲ್ಲಿ ಅರ್ಪಿಸಿ. ಅರಿಶಿನ ಕುಂಕುಮವನ್ನು ಕುಂಡದ ಹೊರಮೈಗೆ ಹಚ್ಚಿ. ಹಳೆಯ ಮನೆಗಳಲ್ಲಿಯೂ ಗಂಧ ಕುಂಕುಮಗಳು ಹೆಚ್ಚಾಗಿ ಬೃಂದಾವನದ ಕಲ್ಲಿನ ಮುಖಕ್ಕೇ ಸಲ್ಲುತ್ತಿದ್ದವು; ಗಿಡ ಅದರ ಮೇಲೆ, ಎತ್ತರದಲ್ಲಿರುತ್ತಿತ್ತು.

ಇನ್ನು ಬಿಸಿಲು. ತುಳಸಿಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೂರ್ಯ ಪೂರ್ವದಿಂದ ಸ್ವಲ್ಪ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಆದುದರಿಂದ ಎದುರಿನ ಕಟ್ಟಡ ಅಡ್ಡ ಬರದಿದ್ದರೆ ಉತ್ತರದ ಬಾಲ್ಕನಿಗೆ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಸಿಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮತ್ತೆ ಮಾರ್ಚ್ ಕೊನೆಯವರೆಗೆ ಆ ಬಾಲ್ಕನಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ನಿಮ್ಮ ಮೊದಲ ಗಿಡ ಗಣೇಶನ ಹಬ್ಬದಿಂದ ಡಿಸೆಂಬರಿನವರೆಗೆ, ಎರಡನೆಯದು ಸಂಕ್ರಾಂತಿಯಿಂದ ಮಾರ್ಚಿನವರೆಗೆ ಇದ್ದದ್ದು ಸರಿಸುಮಾರು ಈ ನೆರಳಿನ ಆರು ತಿಂಗಳಲ್ಲಿಯೇ. ಅದೇ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲು ಒಳಗೆ ಬರುತ್ತದೆ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಮೇಲಿನ ಮಹಡಿಯ ಚಾವಣಿ ಅವನನ್ನು ತಡೆಯಲಾರದು.

ಹೀಗಾಗಿ ನನ್ನ ಮೊದಲ ಸಲಹೆ, ಎರಡು ಬಾಲ್ಕನಿಗಳನ್ನೂ ಬಳಸಿಕೊಳ್ಳಿ ಎಂಬುದು. ಯುಗಾದಿಯ ಹೊತ್ತಿಗೆ ಕುಂಡ ಉತ್ತರಕ್ಕೆ, ನವರಾತ್ರಿಯ ಹೊತ್ತಿಗೆ ದಕ್ಷಿಣಕ್ಕೆ ಹೋಗಲಿ. ವರ್ಷಕ್ಕೆ ಎರಡೇ ಸಲ ಜರುಗಿಸುವುದು ಗಿಡಕ್ಕೆ ತೊಂದರೆಯಲ್ಲ. ದಕ್ಷಿಣ ಯಮನ ದಿಕ್ಕೆಂಬ ಸಂಕೋಚ ನಿಮ್ಮ ಮನೆಯಲ್ಲಿದೆ. ತುಳಸಿಗೆ ಪೂರ್ವ, ಉತ್ತರ, ಈಶಾನ್ಯ ಶ್ರೇಷ್ಠ ಎನ್ನುವ ಮಾತು ಅಂಗಳದ ನಡುವೆಯೋ ಮನೆಯ ಮುಂದೆಯೋ ಕಟ್ಟೆಯಿದ್ದು, ಎಲ್ಲ ದಿಕ್ಕಿನಿಂದಲೂ ಬೆಳಕು ಬರುತ್ತಿದ್ದ ಮನೆಗಳಿಗೆ ಹೊಂದುತ್ತಿತ್ತು. ಒಂದೇ ಮುಖ ತೆರೆದಿರುವ ಗೂಡಿನಂಥ ಬಾಲ್ಕನಿಯಲ್ಲಿ ಅದನ್ನೇ ಅಕ್ಷರಶಃ ಹಿಡಿದರೆ ಗಿಡ ಉಳಿಯುವುದಿಲ್ಲ. ದಕ್ಷಿಣದ ಬಾಲ್ಕನಿಯಲ್ಲಿಯೂ ಕುಂಡವನ್ನು ಪೂರ್ವದ ಮೂಲೆಗಿಟ್ಟು ನೀವು ಅದರ ಪಶ್ಚಿಮಕ್ಕೆ ನಿಂತರೆ ಪೂರ್ವಾಭಿಮುಖವಾಗಿಯೇ ಪೂಜೆ ನಡೆಯುತ್ತದೆ. ನಾನು ಗಿಡದ ಕಡೆಯವನು. ಇದನ್ನು ನಿಮ್ಮ ಮನೆಯ ಪುರೋಹಿತರಲ್ಲಿ ಒಮ್ಮೆ ಕೇಳಿ, ಅತ್ತೆಯವರಿಗೂ ಸಮಾಧಾನವಾಗುತ್ತದೆ.

ಅದಕ್ಕೂ ಒಪ್ಪಿಗೆಯಿಲ್ಲವಾದರೆ ಉಳಿಯುವುದು ಎರಡು ದಾರಿ. ಉತ್ತರದಲ್ಲಿಯೇ ಇಟ್ಟು, ನೆರಳಿನ ತಿಂಗಳುಗಳಲ್ಲಿ ಗಿಡದ ತುದಿಗಿಂತ ಒಂದಡಿ ಮೇಲೆ ಇಪ್ಪತ್ತು ವ್ಯಾಟಿನ ಬಿಳಿ ಎಲ್‌ಇಡಿ ದೀಪವನ್ನು ದಿನಕ್ಕೆ ಹನ್ನೆರಡು ಗಂಟೆ ಉರಿಸಬಹುದು. ಗಿಡ ಬದುಕುತ್ತದೆ, ಆದರೆ ಸಪೂರವಾಗಿ ಉದ್ದ ಬೆಳೆಯುತ್ತದೆ, ಘಮವೂ ಕಡಿಮೆ. ಮಳೆಯ ಎರಚಲು ತಾಗುವ ಕಡೆ ವಿದ್ಯುತ್ ತಂತಿ ಎಳೆಯುವುದು ಅಪಾಯ. ಇಲ್ಲವೇ, ಕಟ್ಟಡದ ಕೆಳಗೆ ಸಾಮೂಹಿಕ ತುಳಸಿಕಟ್ಟೆಯಿದ್ದರೆ ಅಲ್ಲಿಂದ ದಳ ತಂದು ಮನೆಯ ದೇವರಿಗೆ ಏರಿಸಬಹುದು. ಸಾಮೂಹಿಕ ಕಟ್ಟೆಯ ಕಷ್ಟವೆಂದರೆ ನೂರು ಮನೆಯವರೂ ಕೀಳುತ್ತಾರೆ, ನೂರು ಮನೆಯವರೂ ನೀರೆರೆಯುತ್ತಾರೆ.

ಯಾವ ಬಾಲ್ಕನಿಯಾದರೂ ನೆಲದ ಮೇಲೆ ಇಡಬೇಡಿ. ಮೂರೂವರೆ ಅಡಿಯ ಗಟ್ಟಿ ಅಡ್ಡಗೋಡೆಯಿದ್ದರೆ ಅದರ ಬುಡದಲ್ಲಿಟ್ಟ ಕುಂಡ ಮಧ್ಯಾಹ್ನವೂ ಕತ್ತಲಲ್ಲಿರುತ್ತದೆ. ಎರಡಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲೆ, ಗೋಡೆಯ ಒಳಬದಿಗೆ ಇಡಿ. ಅಡ್ಡಗೋಡೆಯ ಮೇಲೆ ಇಡುವುದೂ, ಹೊರಕ್ಕೆ ಕೊಕ್ಕೆ ಹಾಕಿ ತೂಗುವುದೂ ಆರನೆಯ ಮಹಡಿಯಲ್ಲಿ ಸಲ್ಲದು. ತುಂಬಿದ ಹತ್ತು ಅಂಗುಲದ ಕುಂಡ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ಕೆಳಗೆ ಜನ ಓಡಾಡುತ್ತಾರೆ.

ಅಪಶಕುನದ ಭಯಕ್ಕೆ ಗಿಡದ ಆಯುಸ್ಸನ್ನು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ತುಳಸಿ ಮಾವು, ಹಲಸುಗಳಂತೆ ತಲೆಮಾರು ಬಾಳುವ ಮರವಲ್ಲ. ಕುಂಡದಲ್ಲಿ ಎರಡು ಮೂರು ವರ್ಷಕ್ಕೆ ಅದರ ಕಾಂಡ ಕಟ್ಟಿಗೆಯಾಗಿ, ಎಲೆ ಸಣ್ಣದಾಗಿ, ಸಹಜವಾಗಿಯೇ ಮುಗಿಯುತ್ತದೆ. ಕದಿರು ಬಿಟ್ಟು ಬೀಜ ಕಟ್ಟಿದ ಗಿಡ ಅದಕ್ಕೂ ಮೊದಲೇ ಸೊರಗುತ್ತದೆ. ಅಜ್ಜಿಯ ಕಾಲದ ಕಟ್ಟೆಯಲ್ಲಿ ಐವತ್ತು ವರ್ಷ ಇದ್ದದ್ದು ಒಂದೇ ಗಿಡವಲ್ಲ; ಉದುರಿದ ಬೀಜದಿಂದ ಅಲ್ಲೇ ಹುಟ್ಟಿದ ಮಗಳು, ಮೊಮ್ಮಗಳು ಗಿಡಗಳು ಜಾಗ ತುಂಬುತ್ತಿದ್ದುದರಿಂದ ಒಣಗಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮುಟ್ಟಿನ ವಿಚಾರವನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಯಾರ ಸ್ಪರ್ಶದಿಂದಲೂ, ಯಾವ ದಿನದಲ್ಲಿಯೂ ತುಳಸಿ ಒಣಗುವುದಿಲ್ಲ. ಅದಕ್ಕೆ ಸಸ್ಯದಲ್ಲಿ ಯಾವ ಕಾರಣವೂ ಇಲ್ಲ. ಆದರೆ ಈ ನಂಬಿಕೆಗೆ ಬಲ ಬಂದದ್ದು ಹೇಗೆಂದು ನಾನು ಕೆಲವು ಮನೆಗಳಲ್ಲಿ ಕಂಡಿದ್ದೇನೆ. ನೀರು ಹಾಕುವವರು ಒಬ್ಬರೇ ಹೆಂಗಸು, ಅವರು ನಾಲ್ಕು ದಿನ ಗಿಡದ ಹತ್ತಿರ ಹೋಗುವುದಿಲ್ಲ, ಬೇರೆ ಯಾರಿಗೂ ನೆನಪಾಗುವುದಿಲ್ಲ. ಬೇಸಿಗೆಯಲ್ಲಿ ಸಣ್ಣ ಕುಂಡ ನಾಲ್ಕು ದಿನದಲ್ಲಿ ಕಾದು ಒಣಗುತ್ತದೆ. ಪೂಜೆಯ ಆಚರಣೆಯನ್ನು ಹೇಗೆ ಪಾಲಿಸಬೇಕೆಂಬುದು ನಿಮ್ಮ ಮನೆಗೆ ಬಿಟ್ಟದ್ದು. ನೀರು ಮಾತ್ರ ಆ ದಿನಗಳಲ್ಲಿ ಮನೆಯ ಇನ್ನೊಬ್ಬರ ಹೊಣೆಯೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಗಂಡಸರಿಗೂ ಚೊಂಬು ಎತ್ತಲು ಬರುತ್ತದೆ. ಹಾಗೆಯೇ, ತುಳಸಿ ರಾತ್ರಿಯಲ್ಲಿಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತನ್ನು ನಂಬಿ ಅದನ್ನು ಮಲಗುವ ಕೋಣೆಯೊಳಗೆ ಇಡಬೇಡಿ. ಬೆಳಕಿಲ್ಲದಾಗ ಅದೂ ನಮ್ಮಂತೆಯೇ ಆಮ್ಲಜನಕವನ್ನು ಬಳಸುತ್ತದೆ. ಕೋಣೆಗೆ ಲಾಭವಿಲ್ಲ, ಗಿಡಕ್ಕೆ ನಷ್ಟ.

ಈಗ ನಾಲ್ಕನೆಯ ಗಿಡ. ಹತ್ತು ಅಂಗುಲ ಅಗಲ, ಅಷ್ಟೇ ಆಳದ, ತಳದಲ್ಲಿ ಮೂರು ನಾಲ್ಕು ತೂತಿರುವ ಕುಂಡ ತನ್ನಿ. ಮಣ್ಣಿನ ಕುಂಡ ತಂಪು, ಬೇಗ ಆರುತ್ತದೆ; ಎತ್ತಿ ಇಡಬೇಕಾದ್ದರಿಂದ ಪ್ಲಾಸ್ಟಿಕ್ಕಿನದಾದರೂ ಆದೀತು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ನರ್ಸರಿಯಲ್ಲಿ ಗಿಡ ಆರಿಸುವಾಗ ಎತ್ತರವನ್ನೂ ಕದಿರನ್ನೂ ನೋಡಿ ಮರುಳಾಗಬೇಡಿ. ಕದಿರಿಲ್ಲದ, ಗಿಡ್ಡವಾಗಿ ಕವಲೊಡೆದ ಗಿಡವೇ ಒಳ್ಳೆಯದು. ಹಸಿರು ಶ್ರೀತುಳಸಿಯೋ ಕಪ್ಪು ಛಾಯೆಯ ಕೃಷ್ಣತುಳಸಿಯೋ ಆಗಬಹುದು, ಎರಡೂ ಒಂದೇ ಜಾತಿಯ ಸಸ್ಯದ ಬಗೆಗಳು. ಕಾಮಕಸ್ತೂರಿಯನ್ನು ತುಳಸಿಯೆಂದು ಕೊಟ್ಟಾರು. ಅದರ ಎಲೆ ನುಣುಪು, ಹೊಳಪು, ಅಗಲ, ತುಳಸಿಯ ಎಲೆ ಮತ್ತು ಕಾಂಡದ ಮೇಲೆ ಸಣ್ಣ ರೋಮವಿರುತ್ತದೆ.

ನರ್ಸರಿಯ ಚೀಲದಲ್ಲಿ ಬೇರು ಬರಿಯ ತೆಂಗಿನ ನಾರಿನ ಪುಡಿಯ ಉಂಡೆಯೊಳಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಯನ್ನು ಹಾಗೆಯೇ ಮಣ್ಣಿನಲ್ಲಿ ಹೂತರೆ ಎರಡೂ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ: ಸುತ್ತಲ ಮಣ್ಣು ಒಣಗಿದ್ದರೂ ಉಂಡೆ ನೆನೆದೇ ಇರುತ್ತದೆ, ಅಥವಾ ಒಮ್ಮೆ ಪೂರ್ತಿ ಒಣಗಿದ ಉಂಡೆ ಮತ್ತೆ ನೀರನ್ನೇ ಹೀರುವುದಿಲ್ಲ. ನೆಡುವ ಮೊದಲು ಉಂಡೆಯ ಹೊರಗಿನ ಕಾಲುಭಾಗವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಒಂದೇ ಚೀಲದಲ್ಲಿ ನಾಲ್ಕೈದು ಸಸಿಗಳನ್ನು ಒತ್ತಾಗಿ ನೆಟ್ಟು ಪೊದೆಯಂತೆ ತೋರಿಸಿರುವುದೂ ಉಂಟು. ಗಟ್ಟಿಯಾದ ಎರಡನ್ನು ಉಳಿಸಿಕೊಂಡು ಉಳಿದವನ್ನು ಬೇರೆ ಮಾಡಿ. ಬುಡ ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ, ಮಣ್ಣು ಏರಿಸಬೇಡಿ. ನೆರಳುಬಲೆಯಡಿ ಬೆಳೆದ ಗಿಡಕ್ಕೆ ಒಮ್ಮೆಲೇ ನಡುಹಗಲ ಬಿಸಿಲು ಸಲ್ಲದು. ಈಗ ಆಗಸ್ಟ್ ಮುಗಿಯುತ್ತಿರುವುದರಿಂದ ಮೊದಲು ನಿಮ್ಮ ಉತ್ತರದ ಬಾಲ್ಕನಿಯಲ್ಲಿಯೇ ಬೇರೂರಲಿ, ನವರಾತ್ರಿಯ ಹೊತ್ತಿಗೆ ದಕ್ಷಿಣಕ್ಕೆ ಸಾಗಿಸಿ. ನರ್ಸರಿಯಲ್ಲಿ ಔಷಧ ಹೊಡೆದಿರಬಹುದಾದ್ದರಿಂದ ಹಳೆಯ ಎಲೆಗಳನ್ನು ಮೂರು ವಾರದವರೆಗೆ ತೀರ್ಥಕ್ಕೆ ಬಳಸಬೇಡಿ. ಹೊಸ ಚಿಗುರು ಬರಲಿ.

ದಿನನಿತ್ಯದ ಉಪಚಾರದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತನ್ನು: ಪೂಜೆಯ ನೀರು ಬೇರೆ, ಗಿಡದ ನೀರು ಬೇರೆ. ಪೂಜೆಯ ನೀರು ದಿನವೂ ಸಲ್ಲಲಿ, ಪಂಚಪಾತ್ರೆಯಿಂದ ಒಂದೋ ಮೂರೋ ಉದ್ಧರಣೆ. ಅದು ಹೆಚ್ಚೆಂದರೆ ಎರಡು ಮೂರು ಚಮಚೆಯಾದೀತು, ಯಾವ ಗಿಡವೂ ಅದರಿಂದ ಕೊಳೆಯುವುದಿಲ್ಲ. ಗಿಡದ ನೀರನ್ನು ಬೆರಳು ನೋಡಿ ನಿರ್ಧರಿಸಬೇಕು. ಎರಡನೆಯ ಗೆಣ್ಣಿನ ಆಳದಲ್ಲಿ ಮಣ್ಣು ಒಣಗಿದ್ದರೆ ತಳದ ತೂತಿನಿಂದ ಹೊರಬರುವವರೆಗೆ ನಿಧಾನವಾಗಿ ಎರೆಯಿರಿ, ಕಾಲು ಗಂಟೆಯ ನಂತರ ಕೆಳತಟ್ಟೆಯ ನೀರನ್ನು ಚೆಲ್ಲಿ. ಅಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಒಂದೇ ವಾರದಲ್ಲಿ ಹುಟ್ಟುತ್ತದೆ. ತೇವವಿದ್ದರೆ ಆ ದಿನ ಉದ್ಧರಣೆಯ ನೀರಷ್ಟೇ ಸಾಕು. ಏಪ್ರಿಲಿನಲ್ಲಿ ದಿನವೂ ಬೇಕಾದೀತು, ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಡಿಸೆಂಬರಿನಲ್ಲಿ ಎರಡು ದಿನಕ್ಕೊಮ್ಮೆ. ಆದರೆ ಈ ಲೆಕ್ಕಕ್ಕಿಂತ ಬೆರಳೇ ಪ್ರಮಾಣ. ಸಂಜೆ ಅತ್ತೆಯವರು ದೀಪ ಹಚ್ಚಲಿ, ನೀರು ಬೇಡ. ಇಬ್ಬರಿಗೂ ಸೇವೆಯ ಪಾಲು ಉಳಿಯುತ್ತದೆ, ಗಿಡಕ್ಕೆ ಎರಡನೆಯ ಚೊಂಬು ತಪ್ಪುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರವನ್ನು ಬುಡದಿಂದ ದೂರಕ್ಕೆ ಚದುರಿಸಿ ಮೇಲ್ಮಣ್ಣನ್ನು ಕೆದಕಿದರೆ ಬೇರೆ ಪೋಷಣೆ ಬೇಡ.

ಪೂಜೆಗೆ ನಾನು ಹೇಳುವುದು ನಮ್ಮ ಮನೆಯಲ್ಲಿ ನಡೆದುಬಂದ ಸಂಕ್ಷಿಪ್ತ ಕ್ರಮ. ನಿಮ್ಮ ಸಂಪ್ರದಾಯದಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಸ್ನಾನದ ನಂತರ ಕುಂಡದ ಮುಂದಿನ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸ್ಟೂಲಿನ ಮುಂದೆ ಅಂಗೈಯಗಲದ ರಂಗೋಲಿ ಎಳೆಯಿರಿ. ದೀಪವನ್ನು ಗಿಡದಿಂದ ಒಂದಡಿ ದೂರ, ಎಲೆಗಿಂತ ಕೆಳಮಟ್ಟದಲ್ಲಿ ಹಚ್ಚಿ. ಆರನೆಯ ಮಹಡಿಯ ಗಾಳಿಗೆ ಗಾಜಿನ ಮುಚ್ಚಿಗೆಯ ದೀಪವೇ ನಿಲ್ಲುತ್ತದೆ. ಬುಡಕ್ಕೆ ಉದ್ಧರಣೆಯ ನೀರು, ಕುಂಡದ ಮುಖಕ್ಕೆ ಅರಿಶಿನ ಕುಂಕುಮ, ತಟ್ಟೆಯಲ್ಲಿ ಒಂದು ಹೂವು ಮತ್ತು ಅಕ್ಷತೆ, ಒಂದು ಚೂರು ಕಲ್ಲುಸಕ್ಕರೆಯ ನೈವೇದ್ಯ. ಗೆಜ್ಜೆವಸ್ತ್ರವನ್ನು ಕುಂಡದ ಕಂಠಕ್ಕೆ ಹಾಕಿ, ಕಾಂಡಕ್ಕೆ ಬಿಗಿಯಬೇಡಿ. ಬಳಿಕ ಈ ಶ್ಲೋಕ:

ಯನ್ಮೂಲೇ ಸರ್ವತೀರ್ಥಾನಿ ಯನ್ಮಧ್ಯೇ ಸರ್ವದೇವತಾಃ |
ಯದಗ್ರೇ ಸರ್ವವೇದಾಶ್ಚ ತುಲಸಿ ತ್ವಾಂ ನಮಾಮ್ಯಹಮ್ ||

ಸುತ್ತ ಬರಲು ಜಾಗವಿಲ್ಲದಿದ್ದರೆ ನಿಂತಲ್ಲಿಯೇ ಬಲಕ್ಕೆ ಮೂರು ಸುತ್ತು ತಿರುಗುವ ಆತ್ಮಪ್ರದಕ್ಷಿಣೆ ಶಿಷ್ಟಾಚಾರದಲ್ಲಿರುವುದೇ. ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಏಳೆಂಟು ನಿಮಿಷವಾಗಿರುತ್ತದೆ. ಮನೆಯಲ್ಲಿ ಯಾರೂ ಇರದಿದ್ದರೆ ದೀಪವನ್ನು ಉರಿಯಲು ಬಿಟ್ಟು ಹೊರಡಬೇಡಿ. ಹತ್ತು ನಿಮಿಷ ಉರಿಯುವಷ್ಟೇ ಎಣ್ಣೆ ಹಾಕಿ. ತಟ್ಟೆಯಲ್ಲಿನ ಹೂವು ಅಕ್ಷತೆಗಳು ಅಂದೇ ತೆರವಾಗಲಿ.

ದಳ ಕೀಳುವುದರಲ್ಲಿ ಪೂಜೆಯೂ ತೋಟಗಾರಿಕೆಯೂ ಒಂದೇ ಮಾತನ್ನು ಹೇಳುತ್ತವೆ ಎಂಬುದು ನನಗೆ ಇಂದಿಗೂ ಸೋಜಿಗ. ಬಿಡಿ ಎಲೆಗಳನ್ನು ತರಿದರೆ ಗಿಡ ಬೋಳಾಗುತ್ತದೆ; ತುದಿಯ ಕುಡಿಯನ್ನು ನಾಲ್ಕು ಎಲೆಗಳ ಸಮೇತ ತೆಗೆದರೆ ಅದರ ಕೆಳಗಿನ ಎರಡು ಕಂಕುಳುಗಳಿಂದ ಎರಡು ಹೊಸ ಕವಲು ಒಡೆಯುತ್ತವೆ. ದೇವರಿಗೆ ಕುಡಿಯೇ ಶ್ರೇಷ್ಠವೆನ್ನುತ್ತಾರೆ. ಕದಿರನ್ನು, ಅಂದರೆ ಮಂಜರಿಯನ್ನು, ವಿಷ್ಣುವಿಗೆ ಪ್ರಿಯವೆಂದು ಏರಿಸುತ್ತಾರೆ. ಎಳೆಯ ಕದಿರನ್ನು ಆಗಾಗ ತೆಗೆಯದಿದ್ದರೆ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಕೊಟ್ಟು ಮುದಿಯಾಗುತ್ತದೆ. ಕದಿರು ಕೀಳುವುದು ಪಾಪವೆಂದು ಬಿಟ್ಟು ಗಿಡ ಕಳೆದುಕೊಂಡವರನ್ನು ಬಹಳ ಕಂಡಿದ್ದೇನೆ. ಒಮ್ಮೆಗೆ ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ದ್ವಾದಶಿ, ಹುಣ್ಣಿಮೆ, ಅಮಾವಾಸ್ಯೆ, ಸಂಕ್ರಮಣ, ಮತ್ತು ಸಂಜೆಯ ನಂತರ ಕೀಳಬಾರದೆಂಬ ನಿಯಮ ಹಲವು ಮನೆಗಳಲ್ಲಿದೆ, ಕೆಲವು ವಾರಗಳನ್ನೂ ಬಿಡುತ್ತಾರೆ. ಗಿಡಕ್ಕೆ ಅದು ಸಿಕ್ಕ ಬಿಡುವು; ಪಾಲಿಸಿದರೆ ಒಳ್ಳೆಯದೇ. ಕಿತ್ತ ತುಳಸಿಗೆ ಹಳಸಿದ ದೋಷವಿಲ್ಲ ಎಂಬುದೂ ಅದೇ ಸಂಪ್ರದಾಯದ ಮಾತಾದ್ದರಿಂದ ಮೊದಲೇ ಕಿತ್ತಿಟ್ಟುಕೊಂಡದ್ದನ್ನು ನಾಲ್ಕಾರು ದಿನ ಬಳಸಬಹುದು, ದಿನವೂ ಕೀಳುವ ಅಗತ್ಯವಿಲ್ಲ. ಆದರೆ ಇಂಥ ದಿನ ನೀರೂ ಹಾಕಬಾರದು ಎಂದು ಈಚೆಗೆ ವಾಟ್ಸ್ಆ್ಯಪಿನಲ್ಲಿ ಬರುವ ಪಟ್ಟಿಗಳನ್ನು ಏಪ್ರಿಲಿನ ಬಿಸಿಲಲ್ಲಿ ಪಾಲಿಸಿದರೆ ಗಿಡ ಉಳಿಯದು.

ಎಲೆ ಮುದುಡಿ ಕಂದಾಗುತ್ತಿದ್ದರೆ ಮಗುಚಿ ನೋಡಿ. ಅಡಿಯಲ್ಲಿ ಎಣ್ಣೆಗಪ್ಪಿನ ಚುಕ್ಕೆಗಳಿದ್ದು, ಬಲೆಯಂಥ ರೆಕ್ಕೆಯ ಸಣ್ಣ ತಿಗಣೆಗಳಿದ್ದರೆ ಅದು ತುಳಸಿಗೇ ಮೀಸಲಾದಂತಿರುವ ಲೇಸ್ ಬಗ್. ಬಿಳಿ ಹತ್ತಿಯಂತಿದ್ದರೆ ಹಿಟ್ಟುತಿಗಣೆ. ಎರಡಕ್ಕೂ ಮೊದಲು ಹೆಚ್ಚು ಹತ್ತಿದ ಕೊಂಬೆ ತೆಗೆದು, ನೀರಿನಿಂದ ತೊಳೆದು, ಒಂದು ಲೀಟರ್ ನೀರಿಗೆ ಒಂದು ಚಮಚೆ ಬೇವಿನೆಣ್ಣೆಯನ್ನು ನಾಲ್ಕು ಹನಿ ಸೋಪಿನ ದ್ರವದಲ್ಲಿ ಕಲಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ ಮೂರು ಸಲ. ಸಿಂಪಡಿಸಿದ ನಂತರ ನಾಲ್ಕು ದಿನ ದಳ ಕೀಳದೆ, ಆಮೇಲೆ ತೊಳೆದು ಬಳಸಿ. ಬುಡಕ್ಕೆ ಹಾಕುವ ಕೀಟನಾಶಕದ ಹರಳುಗಳು ಎಲೆಯೊಳಗೇ ಸೇರುವುದರಿಂದ ತೀರ್ಥಕ್ಕೆ ಬಳಸುವ ಗಿಡಕ್ಕೆ ಅವು ಬೇಡವೇ ಬೇಡ.

ಗಿಡ ಒಂದಡಿ ಬೆಳೆದಾಗ ನಾಲ್ಕು ಅಂಗುಲದ, ಕದಿರಿಲ್ಲದ ಕಡ್ಡಿಯೊಂದನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಡಿ. ನೀರು ಬದಲಾಯಿಸುತ್ತಿದ್ದರೆ ಎರಡು ವಾರದಲ್ಲಿ ಬೇರು ಬರುತ್ತದೆ. ಅದನ್ನು ಸಣ್ಣ ಕುಂಡದಲ್ಲಿ ಬೆಳೆಸಿಟ್ಟುಕೊಂಡರೆ, ಮುಂದೆ ದೊಡ್ಡದು ಮುಗಿದ ದಿನ ಅದರ ಜಾಗಕ್ಕೆ ಅದರದೇ ಕುಡಿ ಬರುತ್ತದೆ.

ಕಾರ್ತಿಕದಲ್ಲಿ ಉತ್ಥಾನ ದ್ವಾದಶಿ ಬರುತ್ತದೆ. ಅಂದು ನೆಲ್ಲಿಯ ಕೊಂಬೆಯನ್ನೂ ಕಬ್ಬನ್ನೂ ಕುಂಡದ ಮಣ್ಣಿಗೇ ಚುಚ್ಚಿ ನಿಲ್ಲಿಸುವುದರಿಂದ ಬೇರು ಹರಿದು, ಹಬ್ಬದ ವಾರದೊಳಗೆ ಗಿಡ ಬಾಡುವುದನ್ನು ಪ್ರತಿ ವರ್ಷ ನೋಡುತ್ತೇನೆ. ನಿಮ್ಮ ತೂತಿಲ್ಲದ ಪಿಂಗಾಣಿ ಬೃಂದಾವನ ಅಂದು ಕೆಲಸಕ್ಕೆ ಬರುತ್ತದೆ: ಅದಕ್ಕೆ ಮರಳು ತುಂಬಿ, ನೆಲ್ಲಿಯ ಕೊಂಬೆಯನ್ನು ಅದರಲ್ಲಿ ನಿಲ್ಲಿಸಿ, ತುಳಸಿಯ ಪಕ್ಕಕ್ಕಿಡಿ, ಕಬ್ಬನ್ನು ಬಾಲ್ಕನಿಯ ಕಂಬಿಗೆ ಕಟ್ಟಿ. ನೆಲ್ಲಿಕಾಯಿಯ ದೀಪಗಳು ಸ್ಟೂಲಿನ ಕೆಳಗಲ್ಲ, ಮುಂದೆ ಇರಲಿ.

ಒಣಗಿದ ಗಿಡವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದು. ಗಟ್ಟಿಯಾದ ಒಣ ಕಾಂಡವನ್ನು ಶುದ್ಧಮಾಡಿ ದೇವರ ಮನೆಯಲ್ಲಿಟ್ಟುಕೊಳ್ಳಬಹುದು. ಜಪಮಾಲೆಯ ಮಣಿಗಳಾಗುವುದು ಅದೇ ಕಟ್ಟಿಗೆ. ಉಳಿದದ್ದನ್ನು ಕಟ್ಟಡದ ಕೆಳಗಿನ ಯಾವುದಾದರೂ ಮರದ ಬುಡದಲ್ಲಿ ಹೂಳಿ. ಆ ಕುಂಡದ ಹಳೆಯ ಮಣ್ಣಿನಲ್ಲಿ ಮಾತ್ರ ಕೊಳೆಯ ಶಿಲೀಂಧ್ರ ಉಳಿದಿರುತ್ತದೆ. ನಾಲ್ಕನೆಯ ಗಿಡಕ್ಕೆ ಅದನ್ನು ಒಂದು ಹಿಡಿಯೂ ಬೆರೆಸಬೇಡಿ.